ರೆಸ್ಯೂಮೆ ತುಂಬಾ ಪ್ರೋಗ್ರಾಂ ಇದೆ, ಕ್ಲಾಸ್ ಎಲ್ಲಿದೆ?

ಪ್ರಶ್ನೆ: ನಮಸ್ತೆ ಸರ್. ನಾನು ಸಾಗರದವಳು, ಬಿ.ಕಾಂ ಆಗಿದೆ, ಭರತನಾಟ್ಯ ವಿದ್ವತ್ ಕೂಡ ಆಗಿದೆ. ಒಂದು ವರ್ಷ ನೀನಾಸಂ ತಿರುಗಾಟದಲ್ಲಿದ್ದೆ, ಆಮೇಲೆ 11 ವರ್ಷದಿಂದ ಮನೇಲೇ ಕ್ಲಾಸ್ ಮಾಡ್ತಿದೀನಿ. ಈಗ ತಿಂಗಳ ಸಂಬಳದ ಕೆಲ್ಸ ಬೇಕು. ಶಿವಮೊಗ್ಗದ ಒಂದು ಸಿಬಿಎಸ್‌ಇ ಶಾಲೆಗೆ ಡ್ಯಾನ್ಸ್ ಟೀಚರ್ ಅಂತ, ಇನ್ನೊಂದು ಸಂಸ್ಥೆಗೆ ಕಲ್ಚರಲ್ ಕೋಆರ್ಡಿನೇಟರ್ ಅಂತ ಒಂದೇ ರೆಸ್ಯೂಮೆ ಕಳ್ಸಿದೆ, ಎರಡೂ ಕಡೆಯಿಂದ ಫೋನೇ ಬರ್ಲಿಲ್ಲ. ಐದು ಪುಟ ಇದೆ, ಇದರ ಜೊತೆಗೇ ಕಳ್ಸಿದೀನಿ ನೋಡಿ. ಎಲ್ಲಿ ತಪ್ಪಾಗಿದೆ? ಅನುಭವ ಪತ್ರ ಕೇಳಿದ್ರೆ ಎಲ್ಲಿಂದ ತರ್ಲಿ?

ಉತ್ತರ: ಐದೂ ಪುಟ ಎರಡು ಸಲ ಓದಿದೆ ಮೇಡಂ. ಮೊದಲ್ನೇ ಪುಟದಲ್ಲಿ ಗೆಜ್ಜೆ ಕಟ್ಟಿ ಅರಮಂಡಿಯಲ್ಲಿ ನಿಂತ ಫೋಟೋ, ಅದರ ಕೆಳಗೆ ಗುರುಗಳ ಬಗ್ಗೆ ಒಂದು ಪ್ಯಾರಾ, ರಂಗಪ್ರವೇಶದ ಬಗ್ಗೆ ಒಂದು ಪ್ಯಾರಾ. ಎರಡನೇ ಪುಟದಿಂದ ನಾಲ್ಕನೇ ಪುಟದವರೆಗೆ 212 ಕಾರ್ಯಕ್ರಮದ ಪಟ್ಟಿ, ತಾರೀಕು ಊರು ಸಮೇತ. ಐದನೇ ಪುಟ ಬಹುಪಾಲು ಸನ್ಮಾನ. ನಾಲ್ಕನೇ ಪುಟದ ಕೊನೇ ಸಾಲಲ್ಲಿ ಮಾತ್ರ "ಅನೇಕ ವಿದ್ಯಾರ್ಥಿಗಳು ಜೂನಿಯರ್, ಸೀನಿಯರ್ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿರುತ್ತಾರೆ" ಅಂತಿದೆ. ನಿಮ್ಗೆ ಕೆಲ್ಸ ಕೊಡಿಸೋದು ಆ ಒಂದು ಸಾಲು, ಅದನ್ನೇ ನೀವು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇಟ್ಟಿದೀರ.

ನೀವು ಕಳ್ಸಿರೋದು ರೆಸ್ಯೂಮೆ ಅಲ್ಲ, ಕಲಾವಿದರ ಪರಿಚಯ. ಕಾರ್ಯಕ್ರಮದ ದಿನ ನಿರೂಪಕರ ಕೈಗೆ ಕೊಡ್ತೀವಲ್ಲ, ಪರದೆ ತೆಗೆಯೋಕ್ ಮುಂಚೆ ಓದ್ತಾರಲ್ಲ, ಅದು. ಅದನ್ನ ಕೇಳೋರು ಆಗ್ಲೇ ಬಂದು ಕೂತಿರ್ತಾರೆ, ನಿಮ್ಮ ನೃತ್ಯ ನೋಡೋಕೆ ಅಂತಾನೇ ಬಂದಿರ್ತಾರೆ. ಶಾಲೆ ಆಫೀಸಲ್ಲಿ ರೆಸ್ಯೂಮೆ ನೋಡೋರು ಹಂಗಲ್ಲ, ಅವ್ರ ಮುಂದೆ ಮ್ಯಾತ್ಸ್ ಟೀಚರ್, ಪಿಟಿ ಟೀಚರ್, ಲೈಬ್ರರಿಯವರು ಎಲ್ಲರ ಕಾಗದಾನೂ ಒಂದೇ ಕಟ್ಟಲ್ಲಿ ಇರತ್ತೆ, ಅವ್ರಿಗೆ ತಿಲ್ಲಾನಕ್ಕೂ ವರ್ಣಕ್ಕೂ ವ್ಯತ್ಯಾಸ ಗೊತ್ತಿರ್ಬೇಕು ಅಂತೇನೂ ಇಲ್ಲ. ನಾನು ನಾಟಕ ಬಿಟ್ಟ ಮೇಲೆ ಎಷ್ಟೋ ವರ್ಷ ಶಾಲೆ ಆಡಳಿತದಲ್ಲಿ ಇಂಥ ಕಟ್ಟು ಬಿಚ್ಚಿದೀನಿ. ಮೊದ್ಲು ಹುಡುಕೋದು ಮೂರೇ: ಡಿಗ್ರಿ ಏನು, ಎಷ್ಟನೇ ಕ್ಲಾಸಿನ ಮಕ್ಳಿಗೆ ಪಾಠ ಮಾಡಿದಾರೆ, ಎಲ್ಲಿಂದ ಎಲ್ಲಿವರೆಗೆ ಏನ್ ಕೆಲ್ಸದಲ್ಲಿದ್ರು. ಈ ಮೂರು ಮೊದಲ್ನೇ ಪುಟದ ಮೇಲ್ಗಡೆ ಅರ್ಧದಲ್ಲಿ ಸಿಗದಿದ್ರೆ ಕಾಗದ ಪಕ್ಕಕ್ಕೆ ಹೋಗತ್ತೆ. ನಿಮ್ಮದ್ರಲ್ಲಿ ಬಿ.ಕಾಂ ಅನ್ನೋದು ಸಿಕ್ಕಿದ್ದು ಐದನೇ ಪುಟದಲ್ಲಿ, ಹವ್ಯಾಸಗಳ ಮೇಲೆ.

ಒಂದು ಕಾರ್ಯಕ್ರಮ ಅಂದ್ರೆ ಒಂದು ಸಂಜೆ. ಸಂಬಳ ಕೊಡೋರು ಕೊಳ್ಳೋದು ತಿಂಗಳುಗಳನ್ನ. ಅದಕ್ಕೆ 212 ಸಂಜೆಗಳ ಲೆಕ್ಕ ಅವ್ರಿಗೆ ಏನೂ ಹೇಳಲ್ಲ, ಆ ಸಂಜೆಗಳ ಮಧ್ಯೆ ನೀವು ವಾರಕ್ಕೆ ಎಷ್ಟು ಗಂಟೆ, ಎಷ್ಟು ಮಕ್ಕಳನ್ನ, ಎಷ್ಟು ವರ್ಷ ಕೂರಿಸ್ಕೊಂಡು ಕಲಿಸಿದೀರ ಅನ್ನೋದು ಹೇಳತ್ತೆ. ಹಂಗಾಗಿ ಮೊದ್ಲು ಮನೆ ಕ್ಲಾಸನ್ನ ಕೆಲ್ಸದ ರೂಪದಲ್ಲಿ ಬರೀಬೇಕು.

ನಾನು ಮತ್ತೆ ಬರ್ದು ಕೇಳ್ದಾಗ ನೀವು ಕೊಟ್ಟ ಲೆಕ್ಕ ಇಟ್ಕೊಂಡೇ ಹೇಳ್ತೀನಿ. ಈಗ ನಿಮ್ಮಲ್ಲಿ 46 ಮಕ್ಕಳು, ನಾಲ್ಕು ಬ್ಯಾಚ್, ಪ್ರತಿ ಬ್ಯಾಚಿಗೂ ವಾರಕ್ಕೆ ಮೂರು ಗಂಟೆ, ಅಂದ್ರೆ ವಾರಕ್ಕೆ 12 ಗಂಟೆ ಪಾಠ. ಇಷ್ಟು ವರ್ಷದಲ್ಲಿ ಜೂನಿಯರ್ ಪರೀಕ್ಷೆಗೆ ಕೂತವರು 38, ಪಾಸಾದವರು 34. ಸೀನಿಯರ್‌ಗೆ 9 ಜನ, 8 ಪಾಸು. ಇದನ್ನ ಹೀಗೆ ಬರೀರಿ: "ಜೂನ್ 2014ರಿಂದ ಇಂದಿನವರೆಗೆ, ಭರತನಾಟ್ಯ ಶಿಕ್ಷಕಿ, ಸ್ವಂತ ತರಗತಿ, ಸಾಗರ. 6ರಿಂದ 17 ವರ್ಷದ 46 ಮಕ್ಕಳಿಗೆ ನಾಲ್ಕು ಬ್ಯಾಚಿನಲ್ಲಿ ವಾರಕ್ಕೆ 12 ಗಂಟೆ ಪಾಠ. ಜೂನಿಯರ್ ಪರೀಕ್ಷೆಗೆ 38 ಮಕ್ಕಳನ್ನು ಸಿದ್ಧಪಡಿಸಿದ್ದು, 34 ಮಂದಿ ಉತ್ತೀರ್ಣ. ಸೀನಿಯರ್ 9ರಲ್ಲಿ 8. ಪಠ್ಯಕ್ರಮದಂತೆ ಥಿಯರಿ ಮತ್ತು ಪ್ರಾಯೋಗಿಕ ಎರಡೂ ಬೋಧನೆ." ಬರೀ ಐದು ವಾಕ್ಯ ಅಷ್ಟೆ, ಆದ್ರೆ ಓದಿದೋರಿಗೆ ಗೊತ್ತಾಗತ್ತೆ, ಈಕೆ ಸಿಲೆಬಸ್ ಇಟ್ಕೊಂಡು ಪಾಠ ಮಾಡ್ತಾರೆ, ಪರೀಕ್ಷೆಗೆ ಮಕ್ಕಳನ್ನ ತಯಾರು ಮಾಡ್ತಾರೆ, ಹೊರಗಿನ ಪರೀಕ್ಷಕರು ಬಂದು ನೋಡಿದ ಫಲಿತಾಂಶ ಇದೆ ಅಂತ. ಶಾಲೆಯವರಿಗೆ ಅರ್ಥ ಆಗೋ ಭಾಷೆ ಇದೇ. ಫೇಲಾದ ನಾಲ್ಕು ಮಕ್ಕಳನ್ನ ಮುಚ್ಚಿಡ್ಬೇಡಿ, 38ರಲ್ಲಿ 34 ಅನ್ನೋದು "ಶೇಕಡ ನೂರು" ಅನ್ನೋದಕ್ಕಿಂತ ನಂಬಿಕೆ ಹುಟ್ಟಿಸತ್ತೆ.

ಮತ್ತೆ ಬರ್ದಾಗ ಕೋವಿಡ್ ಸಮಯದ ಬಗ್ಗೆನೂ ಕೇಳಿದೀರಿ. 2020ರಲ್ಲಿ ಮೂರು ತಿಂಗಳು ಕ್ಲಾಸ್ ನಿಲ್ಲಿಸಿ ಆಮೇಲೆ ಮೊಬೈಲಲ್ಲಿ ಮಾಡಿದ್ರೆ ಹಂಗೇ ಬರೀರಿ. ಮಧ್ಯ ಖಾಲಿ ಬಿಟ್ರೆ ಅವ್ರು ತಮಗೆ ತೋಚಿದ ಕಾರಣ ತುಂಬ್ಕೊತಾರೆ.

ಈಗ ಅನುಭವ ಪತ್ರ. ನಿಮಗೆ ನೀವೇ ಅನುಭವ ಪತ್ರ ಬರ್ಕೊಂಡು ಸೀಲ್ ಹೊಡ್ಕೊಳೋಕ್ ಆಗಲ್ಲ, ಹಂಗೆ ಮಾಡಿದ ಕಾಗದ ನೋಡಿದ ತಕ್ಷಣ ಉಳಿದದ್ದೆಲ್ಲದರ ಮೇಲೂ ಅನುಮಾನ ಬರತ್ತೆ. ಮನೆ ಕ್ಲಾಸಿಗೆ ಪತ್ರ ಇಲ್ಲ, ಆಧಾರ ಇದೆ. ಹಾಜರಿ ಪುಸ್ತಕ, ಫೀಸ್ ರಶೀದಿ ಪುಸ್ತಕ, ಪೋಷಕರು ದುಡ್ಡು ಹಾಕಿದ ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಪರೀಕ್ಷೆ ಅರ್ಜಿಗಳ ಜೆರಾಕ್ಸು, ಅಂಕಪಟ್ಟಿಗಳು. ಇವನ್ನ ರೆಸ್ಯೂಮೆ ಜೊತೆ ಕಳಿಸ್ಬೇಡಿ, ವರ್ಷವಾರು ಒಂದು ಫೈಲ್ ಮಾಡಿ ಇಂಟರ್‌ವ್ಯೂಗೆ ತಗೊಂಡು ಹೋಗಿ. ಕ್ಲಾಸನ್ನ ಸೊಸೈಟಿ ಅಥವಾ ಟ್ರಸ್ಟ್ ಅಂತ ರಿಜಿಸ್ಟರ್ ಮಾಡಿಸಿರೋರು ಬೇರೆ ಥರ, ಅವ್ರಿಗೆ ಸಂಸ್ಥೆಯ ಅಧ್ಯಕ್ಷರೋ ಕಾರ್ಯದರ್ಶಿಯೋ ಪತ್ರ ಕೊಡ್ಬಹುದು, ಆದ್ರೆ ಸೈನ್ ಮಾಡೋರು ನೀವೇ ಆಗಿರ್ಬಾರ್ದು, ಮನೆಯವ್ರೂ ಆಗದಿದ್ರೆ ಒಳ್ಳೇದು.

ಆದ್ರೆ ನಿಮಗೆ ನಿಜವಾದ ಅನುಭವ ಪತ್ರ ಸಿಗೋ ಜಾಗ ಒಂದಿದೆ, ಅದನ್ನ ನೀವು ರೆಸ್ಯೂಮೆಯಲ್ಲಿ ಹಾಕೇ ಇಲ್ಲ! ಮತ್ತೆ ಕೇಳ್ದಾಗ ಹೇಳಿದ್ರಿ, 2016ರ ಜೂನಿಂದ 2019ರ ಮಾರ್ಚ್‌ವರೆಗೆ ನಿಮ್ಮೂರ ಹತ್ರದ ಒಂದು ಖಾಸಗಿ ಹೈಸ್ಕೂಲಿಗೆ ವಾರಕ್ಕೆ ಎರಡು ದಿನ ಹೋಗ್ತಿದ್ದೆ, ದಿನಕ್ಕೆ ನಾಲ್ಕು ಪೀರಿಯಡ್, ಗೌರವಧನ ಕೊಡ್ತಿದ್ರು ಅಂತ. ಅದು ಸಣ್ಣದು ಅಂತ ಬಿಟ್ರಂತೆ. ಲೆಕ್ಕ ಹಾಕಿ ನೋಡಿ: ವಾರಕ್ಕೆ 8 ಪೀರಿಯಡ್, ಪರೀಕ್ಷೆ ರಜೆ ಎಲ್ಲ ಕಳೆದು ವರ್ಷಕ್ಕೆ 35 ವಾರ ಅಂತ ಹಿಡಿದ್ರೂ 280 ಪೀರಿಯಡ್, ಮೂರು ಶೈಕ್ಷಣಿಕ ವರ್ಷಕ್ಕೆ 840. ಒಂದು ಶಾಲೆಯ ಒಳಗೆ, ಬೆಲ್ ಹೊಡೆಯೋ ಟೈಮ್‌ಟೇಬಲಿಗೆ ಸರಿಯಾಗಿ, ನೃತ್ಯ ಕಲಿಯೋ ಆಸೆ ಇರೋರು ಇಲ್ಲದೋರು ಎಲ್ಲ ಸೇರಿ ಕೂತಿರೋ ಕ್ಲಾಸಿಗೆ ಕಲಿಸಿದ 840 ಪೀರಿಯಡ್. ಮನೆಗೆ ಕಲಿಯೋಕ್ ಬರೋ ಹನ್ನೆರಡು ಮಕ್ಕಳಿಗೆ ಕಲಿಸೋದೂ ಇದೂ ಒಂದಲ್ಲ ಅಂತ ಯಾವ ಪ್ರಿನ್ಸಿಪಾಲ್‌ಗೂ ಗೊತ್ತು, ಅವ್ರ ಭಯ ಇರೋದೇ ಅಲ್ಲಿ. ದೊಡ್ಡ ಕಲಾವಿದರು 40 ಮಕ್ಕಳ ಸೆಕ್ಷನ್ ಹಿಡಿಯೋಕಾಗ್ದೆ ಎರಡು ತಿಂಗಳಲ್ಲಿ ಬಿಟ್ಟು ಹೋಗಿದ್ದನ್ನ ಅವ್ರು ನೋಡಿರ್ತಾರೆ. ಹಂಗಾಗಿ ಇದನ್ನ ಮನೆ ಕ್ಲಾಸಿಗಿಂತ ಮೇಲೆ ಹಾಕಿ.

ಪತ್ರದಲ್ಲಿ "ಇವರು ಉತ್ತಮ ನಡತೆಯುಳ್ಳವರು, ಇವರ ಮುಂದಿನ ಭವಿಷ್ಯ ಉಜ್ವಲವಾಗಲಿ" ಅಂತ ಬರ್ಸ್ಕೊಂಡು ಬರ್ಬೇಡಿ. ಶಾಲೆಯ ಲೆಟರ್‌ಹೆಡ್ಡಲ್ಲಿ ಯಾವ ತಾರೀಕಿಂದ ಯಾವ ತಾರೀಕು, ಯಾವ ಯಾವ ತರಗತಿ, ವಾರಕ್ಕೆ ಎಷ್ಟು ಪೀರಿಯಡ್, ಅರೆಕಾಲಿಕ ಅನ್ನೋ ಪದ, ಗೌರವಧನ ಹೇಗೆ ಕೊಟ್ರು ಅನ್ನೋದು, ಇಷ್ಟು ಇರ್ಲಿ. "ಅರೆಕಾಲಿಕ" ಅನ್ನೋದನ್ನ ತೆಗೆಸೋ ಆಸೆ ಬೇಡ, ಪರಿಚಯದವ್ರು ಪೂರ್ಣಕಾಲಿಕ ಅಂತ ಬರ್ಕೊಡ್ತೀನಿ ಅಂದ್ರೂ ಬೇಡ ಅನ್ನಿ. ಸರ್ಕಾರಿ ಅರ್ಜಿಗಾದ್ರೆ ಇಂಥ ಪತ್ರಕ್ಕೆ ಕೆಲವು ಸಲ ಬಿಇಓ ಮೇಲುಸಹಿ ಕೇಳ್ತಾರೆ, ಆಗ ಶಾಲೆಯ ಹಾಜರಿ ಪುಸ್ತಕ, ವೇತನದ ಪುಸ್ತಕದಲ್ಲಿ ನಿಮ್ಮ ಹೆಸರು ಇದೆಯಾ ಅಂತ ನೋಡ್ತಾರೆ, ಇಲ್ಲದ್ದು ಅಲ್ಲಿ ಸಿಕ್ಕಾಕ್ಕೊಳತ್ತೆ. ಯಾವ್ದಾದ್ರೂ ಸಂಸ್ಥೆ ನಿಮಗೆ ಕೊಟ್ಟ ದುಡ್ಡಲ್ಲಿ ಟಿಡಿಎಸ್ ಹಿಡಿದಿದ್ರೆ ಇನ್ಕಂ ಟ್ಯಾಕ್ಸ್ ಸೈಟಿಂದ ಆ ವರ್ಷದ ಫಾರ್ಮ್ 26ಎಎಸ್ ತೆಗೀರಿ, ದುಡ್ಡು ಕೊಟ್ಟವರ ಹೆಸರು ಅಲ್ಲೇ ಪ್ರಿಂಟ್ ಆಗಿರತ್ತೆ, ಪತ್ರ ಕಳ್ಕೊಂಡೋರಿಗೆ ಇದು ಗಟ್ಟಿ ಆಧಾರ.

ಇನ್ನು ತಿರುಗಾಟ. ಇದನ್ನ ಓದ್ದಾಗ ನನಗೆ ನನ್ನ ಮೊದಲ ಇಂಟರ್‌ವ್ಯೂ ನೆನಪಾಯ್ತು. ನಾನೂ "ಒಂದು ವರ್ಷ ತಿರುಗಾಟ" ಅಂತಷ್ಟೇ ಬರ್ದಿದ್ದೆ, ಎದುರಿಗೆ ಕೂತಿದ್ದ ಸಂಸ್ಥೆಯ ಆಡಳಿತದವರು "ಡಿಗ್ರಿ ಆದ್ಮೇಲೆ ಒಂದು ವರ್ಷ ಸುಮ್ನೆ ತಿರುಗಾಡ್ತಿದ್ರಾ?" ಅಂತ ಕೇಳಿದ್ರು. ಅವ್ರು ಅವಮಾನ ಮಾಡೋಕೆ ಕೇಳಿದ್ದಲ್ಲ, ಆ ಪದಕ್ಕೆ ಅವ್ರ ಕನ್ನಡದಲ್ಲಿ ಇರೋ ಅರ್ಥ ಅದೇ. ಹೆಗ್ಗೋಡಿನ ಸುತ್ತಮುತ್ತ ಬೆಳೆದ ನಮಗೆ 1985ರಿಂದ ರಾಜ್ಯ ಸುತ್ತುತಾ ಇರೋ ನಾಟಕ ತಂಡ ಅದು ಅಂತ ಹೇಳ್ಬೇಕಾಗೇ ಇಲ್ಲ, ಹೊರಗಿನವ್ರಿಗೆ ಹೇಳ್ಬೇಕು. "2013–14, ನಟಿ, ನೀನಾಸಂ ತಿರುಗಾಟ, ಕರ್ನಾಟಕದ ಊರೂರಿಗೆ ನಾಟಕ ಒಯ್ಯುವ ರೆಪರ್ಟರಿ ತಂಡ. ಅಭಿನಯದ ಜೊತೆಗೆ ಉಡುಪು ವಿಭಾಗದ ಉಸ್ತುವಾರಿ, ಪ್ರತಿ ಊರಿನಲ್ಲಿ ರಂಗಸಜ್ಜಿಕೆ ಕಟ್ಟುವುದು ಮತ್ತು ಬಿಚ್ಚುವುದು" ಅಂತ ಬರೀರಿ. ಯಾವ ನಾಟಕದಲ್ಲಿ ಯಾವ ಪಾತ್ರ ಅನ್ನೋದಕ್ಕಿಂತ ಉಡುಪಿನ ಟ್ರಂಕುಗಳ ಲೆಕ್ಕ ಇಟ್ಟಿದ್ದು ಇಲ್ಲಿ ಕೆಲ್ಸಕ್ಕೆ ಬರತ್ತೆ. ಯಕ್ಷಗಾನದವ್ರಿಗೂ ಇದೇ ಮಾತು. "ಮೇಳದಲ್ಲಿ ಆರು ವರ್ಷ" ಅಂದ್ರೆ ಕರಾವಳಿ ಮಲೆನಾಡು ದಾಟಿದ ಮೇಲೆ ಅರ್ಥ ಆಗಲ್ಲ, ದೀಪಾವಳಿ ಆದ್ಮೇಲೆ ಶುರುವಾಗಿ ಮೇ ಕೊನೇವರೆಗೆ ನಡೆಯೋ ವೃತ್ತಿ ತಂಡ ಅಂತ ತಿಂಗಳು ಸಮೇತ ಹಾಕಿ, ಮಳೆಗಾಲದಲ್ಲಿ ಏನ್ ಮಾಡ್ತಿದ್ರಿ ಅನ್ನೋದನ್ನೂ ಹಾಕಿ, ಎಷ್ಟೋ ಕಲಾವಿದರು ಆ ನಾಲ್ಕೈದು ತಿಂಗಳಲ್ಲೇ ಮಕ್ಕಳಿಗೆ ಹೆಜ್ಜೆ ಕಲಿಸಿರ್ತಾರೆ.

ವಿದ್ವತ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ನಮ್ಮವ್ರು ಇಲ್ಲೇ ಜಾಸ್ತಿ ಎಡವೋದು. ನೀವು "ವಿದ್ಯಾರ್ಹತೆ: ವಿದ್ವತ್, ಎಂ.ಎ.ಗೆ ಸಮಾನ" ಅಂತ ಬರ್ದಿದೀರ. ಆ "ಸಮಾನ" ಅನ್ನೋದನ್ನ ಇವತ್ತೇ ಅಳಿಸಿ. ವಿದ್ವತ್ ದೊಡ್ಡ ಪರೀಕ್ಷೆ, ಪೂರ್ವ ಅಂತಿಮ ಎರಡೂ ಮುಗಿಸೋಕೆ ಎಷ್ಟು ವರ್ಷ ಬೆವರು ಸುರಿಸ್ಬೇಕು ಅಂತ ನನಗೂ ಗೊತ್ತು, ಆದ್ರೆ ಅದು ವಿಶ್ವವಿದ್ಯಾಲಯದ ಡಿಗ್ರಿ ಅಲ್ಲ, ಯಾವ ಹುದ್ದೆಗೆ ಅದನ್ನ ಯಾವುದಕ್ಕೆ ಸಮ ಅಂತ ಹಿಡಿಯೋದು ಅನ್ನೋದನ್ನ ಹೇಳೋ ಅಧಿಕಾರ ಆ ಹುದ್ದೆಯ ಅಧಿಸೂಚನೆಗೆ ಮಾತ್ರ ಇರೋದು. ಅಧಿಸೂಚನೆಯಲ್ಲಿ ವಿದ್ವತ್ ಅಂತಲೇ ಇದ್ರೆ ಅದೇ ಪದ ಬಳಸಿ ಬರೀರಿ, ಇಲ್ಲದಿದ್ರೆ ನೀವೇ ಸಮ ಮಾಡೋಕ್ ಹೋಗ್ಬೇಡಿ. ಶೈಕ್ಷಣಿಕ ಅರ್ಹತೆ ಅಂತ ಒಂದು ತಲೆಬರಹ, ಅಲ್ಲಿ ಬಿ.ಕಾಂ, ವಿಶ್ವವಿದ್ಯಾಲಯ, ವರ್ಷ. ಅದರ ಕೆಳಗೇ ನೃತ್ಯದ ಅರ್ಹತೆ ಅಂತ ಇನ್ನೊಂದು, ಅಲ್ಲಿ ವಿದ್ವತ್ ಅಂತಿಮ, ಸೀನಿಯರ್, ಜೂನಿಯರ್, ಪರೀಕ್ಷೆ ನಡೆಸಿದ ಮಂಡಳಿ, ವರ್ಷ, ದರ್ಜೆ. ಹಿಂದೂಸ್ತಾನಿಯವ್ರು ಗಾಂಧರ್ವ ಮಹಾವಿದ್ಯಾಲಯದ ವಿಶಾರದ, ಅಲಂಕಾರ ಇದ್ರೆ ಹಿಂಗೇ ಮಾಡ್ಬಹುದು. ಬಿ.ಕಾಂ ನೃತ್ಯಕ್ಕೆ ಸಂಬಂಧ ಇಲ್ಲ ಅಂತ ನಾಚ್ಕೊಂಡು ಹಿಂದೆ ಹಾಕಿದೀರ, ಸಿಬಿಎಸ್‌ಇ ಶಾಲೆ ತನ್ನ ಟೀಚರ್‌ಗಳ ಅರ್ಹತೆಯನ್ನ ಬೋರ್ಡಿಗೆ ತೋರಿಸ್ಬೇಕಾಗಿರತ್ತೆ, ಪದವಿ ಇದೆ ಅನ್ನೋದು ಅವ್ರಿಗೆ ಅಷ್ಟು ನಿರಾಳ. ಕೋಆರ್ಡಿನೇಟರ್ ಪೋಸ್ಟಿಗಂತೂ ಬಿ.ಕಾಂ ನಿಮ್ಮ ದೊಡ್ಡ ಬಲ.

ಕಾಲೇಜಲ್ಲಿ ಪಾಠ ಮಾಡೋ ಆಸೆ ಇದ್ರೆ ಒಂದೇ ಮಾತು. ಯುಜಿಸಿಯ 2018ರ ನಿಯಮದಲ್ಲಿ ಸಂಗೀತ, ನೃತ್ಯಕ್ಕೆ ಎಂ.ಎ. ಮತ್ತು ನೆಟ್ ದಾರಿ ಬಿಟ್ಟು ಕಲಾವಿದರಿಗೆ ಇನ್ನೊಂದು ದಾರಿ ಇದೆ, ಆದ್ರೆ ಅದಕ್ಕೆ ಪದವಿ ಜೊತೆಗೆ ಆಕಾಶವಾಣಿ ಅಥವಾ ದೂರದರ್ಶನದ ಎ ಗ್ರೇಡ್ ಬೇಕು, ಹೆಸರಾಂತ ಗುರುಗಳ ಹತ್ರ ಕಲಿತಿರ್ಬೇಕು, ಥಿಯರಿ ಪಾಠ ಮಾಡೋ ಶಕ್ತಿ ಇರ್ಬೇಕು. ಬಿ ಗ್ರೇಡಿಗೆ ಆ ಬಾಗಿಲು ತೆಗೆಯಲ್ಲ. ಗ್ರೇಡ್ ಇರೋರು ಬರೀ "ಆಕಾಶವಾಣಿ ಕಲಾವಿದ" ಅನ್ನೋದ್ರ ಬದ್ಲು ಯಾವ ಗ್ರೇಡ್, ಯಾವ ವರ್ಷ, ಯಾವ ನಿಲಯ ಅಂತ ಬರೀಲಿ, ಭದ್ರಾವತಿ ನಿಲಯ ಅಂದ್ರೆ ನಮ್ಮ ಕಡೆ ಎಲ್ರಿಗೂ ಗೊತ್ತಾಗತ್ತೆ.

ಈಗ 212 ಕಾರ್ಯಕ್ರಮ. ಆರು ಉಳಿಸ್ಕೊಳಿ. ಹೊಟ್ಟೆ ಉರಿಯತ್ತೆ, ಗೊತ್ತು, ಒಂದೊಂದರ ಹಿಂದೂ ಒಂದೊಂದು ರಾತ್ರಿ ಬಸ್ ಪ್ರಯಾಣ ಇರತ್ತೆ. ಆದ್ರೂ ಆರು. ಆಯ್ಕೆ ಹೇಗೆ ಅಂದ್ರೆ, ಸರ್ಕಾರ ಅಥವಾ ಅಕಾಡೆಮಿ ಕರೆಸಿದ್ದು ಎರಡು, ನಿಮ್ಮ ಪಟ್ಟೀಲಿ ಬನವಾಸಿಯ ಕದಂಬೋತ್ಸವ ಮತ್ತು ಶಿವಮೊಗ್ಗ ದಸರಾ ಇವೆ, ಅವು ಸಾಕು. ನೀವೇ ಸಂಯೋಜಿಸಿ ಮಕ್ಕಳಿಂದ ಮಾಡಿಸಿದ್ದು ಮೂರು, ಎಷ್ಟು ಮಕ್ಕಳು, ಎಷ್ಟು ನಿಮಿಷ ಅನ್ನೋದ್ರ ಸಮೇತ. ಸೋಲೋ ಒಂದು, ರಂಗಪ್ರವೇಶ. ಕೆಳಗೆ ಒಂದು ಸಾಲು, "ಒಟ್ಟು 212 ಪ್ರದರ್ಶನಗಳು, ಪಟ್ಟಿ ಕೇಳಿದಲ್ಲಿ ಒದಗಿಸಲಾಗುವುದು." ಸನ್ಮಾನದ ಪುಟ ಪೂರ್ತಿ ಹೋಗ್ಲಿ, ಸ್ಪರ್ಧೆಯಲ್ಲಿ ಗೆದ್ದ ಬಹುಮಾನ ಅಥವಾ ಶಿಷ್ಯವೇತನ ಇದ್ರೆ ಮಾತ್ರ ಇರ್ಲಿ.

ಇಷ್ಟು ಮಾಡಿದ್ರೆ ಟೀಚರ್ ಪೋಸ್ಟಿನ ರೆಸ್ಯೂಮೆ ಎರಡು ಪುಟಕ್ಕೆ ನಿಲ್ಲತ್ತೆ. ಕಲ್ಚರಲ್ ಕೋಆರ್ಡಿನೇಟರ್‌ಗೆ ಇದೇ ಕಾಗದ ಕಳ್ಸಿದ್ದೇ ನೀವು ಮಾಡಿದ ಎರಡನೇ ತಪ್ಪು. ಅವ್ರಿಗೆ ಬೇಕಾಗಿರೋದು ಪಾಠ ಮಾಡೋರಲ್ಲ, ಕಾರ್ಯಕ್ರಮ ನಿಭಾಯಿಸೋರು. ನೀವು ಹೋದ ವರ್ಷ ಕುವೆಂಪು ರಂಗಮಂದಿರದಲ್ಲಿ ಮಾಡಿದ ಕ್ಲಾಸಿನ ದಶಮಾನೋತ್ಸವ ಇದೆಯಲ್ಲ, ಅದು ನಿಮ್ಮ ಪಟ್ಟೀಲಿ 209ನೇ ನಂಬರ್, "ಶಿಷ್ಯೆಯರೊಂದಿಗೆ ನೃತ್ಯ ಪ್ರದರ್ಶನ" ಅಂತ ಮುಗಿದೋಗಿದೆ. ಆ ದಿನಕ್ಕೆ ನೀವು ಏನೇನ್ ಮಾಡಿದ್ರಿ ಅಂತ ಕೇಳಿದ್ದಕ್ಕೆ ಬಂದ ಉತ್ತರ ಓದಿ ನಾನು ಬೆರಗಾದೆ. ಎರಡು ತಿಂಗಳು ಮುಂಚೆ ರಂಗಮಂದಿರ ಬುಕ್ ಮಾಡಿದ್ದು, ಪೊಲೀಸ್ ಸ್ಟೇಷನ್ನಿಗೆ ಮೈಕ್ ಪರ್ಮಿಷನ್ ಅರ್ಜಿ, 52 ಮಕ್ಕಳಿಗೆ ಡ್ರೆಸ್ ಬಾಡಿಗೆ, ಮೇಕಪ್ಪಿನವ್ರು ಮೂರು ಜನ, ಹಿಮ್ಮೇಳದವ್ರ ಪ್ರಯಾಣ ಊಟ ವಸತಿ, ಸಾಗರದಿಂದ ಎರಡು ಬಸ್, ಪ್ರತಿ ಪೋಷಕರಿಂದ ಸಹಿ ಮಾಡಿದ ಒಪ್ಪಿಗೆ ಚೀಟಿ, ರಾತ್ರಿ 10ರೊಳಗೆ ಮೈಕ್ ಆಫ್ ಆಗೋ ಹಂಗೆ ನಿಮಿಷದ ಲೆಕ್ಕದಲ್ಲಿ ಕಾರ್ಯಕ್ರಮದ ಪಟ್ಟಿ, ಒಟ್ಟು ಖರ್ಚು 1,38,000, ಜಾಹೀರಾತು ಮತ್ತು ಪೋಷಕರ ಪಾಲು ಸೇರಿ ಬಂದಿದ್ದು 1,41,500, ಉಳಿದ 3,500 ಪೋಷಕರ ಮುಂದೆ ಲೆಕ್ಕ ಓದಿ ಹೇಳಿದ್ದು. ಇದಲ್ವಾ ಕೋಆರ್ಡಿನೇಟರ್ ಕೆಲ್ಸ! ಆ ರೆಸ್ಯೂಮೆಯಲ್ಲಿ ಇದು ಎಲ್ಲಕ್ಕಿಂತ ಮೇಲೆ ಬರ್ಬೇಕು: "52 ಮಕ್ಕಳ ಎರಡೂವರೆ ಗಂಟೆಯ ಕಾರ್ಯಕ್ರಮದ ಸಂಪೂರ್ಣ ನಿರ್ವಹಣೆ: ಸಭಾಂಗಣ, ಪೊಲೀಸ್ ಅನುಮತಿ, ಸಾರಿಗೆ, ಪೋಷಕರ ಒಪ್ಪಿಗೆ, 1.38 ಲಕ್ಷದ ಬಜೆಟ್, ಲೆಕ್ಕಪತ್ರ ಮಂಡನೆ." ಅದರ ಕೆಳಗೆ ತಿರುಗಾಟದ ಉಡುಪು ಉಸ್ತುವಾರಿ, ಅದರ ಕೆಳಗೆ ಬಿ.ಕಾಂ, ಟ್ಯಾಲಿ ಬರತ್ತೆ ಅಂದಿದ್ರಿ ಅದೂ. ಪಾಠದ ಅನುಭವ ಇಲ್ಲಿ ಎರಡು ಸಾಲು, ನೃತ್ಯ ಪ್ರದರ್ಶನ ಒಂದು ಸಾಲು. ಒಂದೇ ಜೀವನ, ಕಾಗದ ಎರಡು, ಎರಡ್ರಲ್ಲೂ ಸುಳ್ಳಿಲ್ಲ.

ಸಣ್ಣಪುಟ್ಟದ್ದು ಕೆಲವಿದೆ. ಹೆಸರು ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಹೇಗಿದೆಯೋ ಹಾಗೇ ಇರ್ಲಿ, ಮದುವೆ ಆದ್ಮೇಲೆ ಬದಲಾದ ಹೆಸರಲ್ಲಿ ವಿದ್ವತ್ ಸರ್ಟಿಫಿಕೇಟ್ ಇದ್ರೆ ಅದನ್ನ ಎರಡನೇ ಸಾಲಲ್ಲಿ ಹೇಳಿ, ಹೆಸರಿನ ಹಿಂದೆ "ವಿದುಷಿ" ಬೇಡ, ಅದು ಅರ್ಹತೆ ಕಾಲಂನಲ್ಲಿ ಬಂದಾಗಿದೆ. ಫೋಟೋ ಸಾದಾ ಪಾಸ್‌ಪೋರ್ಟ್ ಸೈಜು. ನೀವು ವರ್ಡ್ ಫೈಲನ್ನ ನುಡಿಯಲ್ಲಿ ಟೈಪ್ ಮಾಡಿ ಕಳ್ಸಿದೀರ, ನನ್ನ ಕಂಪ್ಯೂಟರಲ್ಲಿ ನುಡಿ ಫಾಂಟ್ ಇತ್ತು ಅಂತ ಓದೋಕಾಯ್ತು, ಅದು ಇಲ್ಲದ ಕಡೆ ಪೂರ್ತಿ ಚಿತ್ರವಿಚಿತ್ರ ಅಕ್ಷರ ಬರತ್ತೆ, ಆ ಶಾಲೆಯವ್ರಿಗೆ ಬಂದಿದ್ದೂ ಹಂಗೇ ಇರ್ಬಹುದು. ಯೂನಿಕೋಡಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿ ಕಳ್ಸಿ, ಸಿಬಿಎಸ್‌ಇ ಶಾಲೆಗಾದ್ರೆ ಇಂಗ್ಲಿಷಲ್ಲೇ ಇರ್ಲಿ. ವಿಡಿಯೋ ಲಿಂಕ್ ಹಾಕೋದಾದ್ರೆ ನಿಮ್ಮ ವರ್ಣದ ವಿಡಿಯೋ ಬೇಡ, ನೀವು ಮಕ್ಕಳಿಗೆ ತಟ್ಟಡವು ಮೂರು ಕಾಲದಲ್ಲಿ ಹೇಳ್ಕೊಡ್ತಿರೋ ಎರಡು ನಿಮಿಷ ಸಾಕು, ಅದ್ರಲ್ಲಿ ಕಾಣೋ ಮಕ್ಕಳ ಅಪ್ಪ ಅಮ್ಮನ್ನ ಕೇಳಿಯೇ ಹಾಕಿ.

ಇದ್ರಲ್ಲಿ ಯಾವ್ದು ಮೊದ್ಲು ಅಂದ್ರೆ, ಆ ಹೈಸ್ಕೂಲಿನ ಪತ್ರ. ಅಲ್ಲಿನ ಹೆಡ್‌ಮಾಸ್ಟರು ಮೇ ತಿಂಗಳಲ್ಲಿ ರಿಟೈರ್ ಆಗ್ತಾರೆ ಅಂತ ನೀವೇ ಬರ್ದಿದೀರ, ಹೊಸಬರು ಬಂದ್ರೆ ನಿಮ್ಮನ್ನ ನೋಡಿದ ನೆನಪೇ ಇರಲ್ಲ. ಈ ವಾರಾನೇ ಹೋಗಿ, ತಾರೀಕು ತರಗತಿ ಪೀರಿಯಡ್ ಎಲ್ಲ ನೀವೇ ಒಂದು ಹಾಳೇಲಿ ಬರ್ಕೊಂಡು ಹೋಗಿ ಅವ್ರ ಮುಂದೆ ಇಡಿ, ಆಗಿನ ಟೈಮ್‌ಟೇಬಲ್ ಜೊತೆ ತಾಳೆ ನೋಡಿ ಲೆಟರ್‌ಹೆಡ್ಡಲ್ಲಿ ಟೈಪ್ ಮಾಡಿಸಿ ಕೊಡೋಕೆ ಅವ್ರಿಗೂ ಸುಲಭ, ಎರಡು ಪ್ರತಿಗೆ ಸಹಿ ಸೀಲ್ ಹಾಕಿಸ್ಕೊಂಡು ಬನ್ನಿ.